ಹನ್ನೊಂದೂವರೆಯ ಶೆಟ್ಟೆಪ್ಪ

ಕಾಯುವ ವಿಷಯದಲ್ಲಿ ನನ್ನಷ್ಟು ಅನುಭವಸ್ಥರು ಈ ಮುಂಬಯಿಯಲ್ಲಿ ಕಡಿಮೆ. ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕಾರಕೂನನಾಗಿದ್ದೆ. ಅಲ್ಲಿ ನನ್ನ ಕೆಲಸವೇ ಜನರನ್ನು ಕಾಯಿಸುವುದಾಗಿತ್ತು. ನಿವೃತ್ತನಾದ ಮರುದಿನದಿಂದ ಪಾಳಿ ತಿರುಗಿತು, ಈಗ ನಾನು ಕಾಯುತ್ತೇನೆ. ಮಾಡಲು ಒಂದು ಕೆಲಸವೂ ಇಲ್ಲದ ಮನುಷ್ಯನಿಗೆ ಹತ್ತು ನಿಮಿಷ ತಡವಾದರೆ ಎಂಥ ಸಿಟ್ಟು ಬರುತ್ತದೆ ಎಂಬುದು ಕೆಲಸವಿದ್ದವರಿಗೆ ತಿಳಿಯುವುದಿಲ್ಲ. ಮನೆಯಲ್ಲಿ ನನ್ನ ಹೆಂಡತಿ, "ನೀಲಕಂಠಪ್ಪನವರ ತಾಸು ಬಂಗಾರದ್ದು, ಆದ್ರ ಅಂಗಡ್ಯಾಗ ಯಾರೂ ತಗೊಳ್ಳೂದಿಲ್ಲ" ಅಂತಾಳೆ. ಅನ್ನಲಿ.

ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ನನಗೆ ಕಳೆದ ವರ್ಷ ಅರ್ಥವಾಯಿತು. ಧಾರವಾಡದಿಂದ ತಮ್ಮ ಕಳಿಸಿದ ಪುಟಾಣಿ ತಿನ್ನುತ್ತಿದ್ದಾಗ ಮೇಲಿನ ದವಡೆಹಲ್ಲು ಕಟಕ್ಕೆಂದು ಒಡೆಯಿತು. ಘಾಟ್ಕೋಪರ್ ಸ್ಟೇಷನ್ನಿನ ಹತ್ತಿರ, ಒಂದು ಸೊಸೈಟಿಯ ಮೊದಲ ಮಹಡಿಯಲ್ಲಿ ಪ್ರೀತಮ್ ಡಾಕ್ಟರ ಹಲ್ಲಿನ ದವಾಖಾನೆ ಇದೆ, ಕೈಗುಣ ಒಳ್ಳೆಯದು ಎಂದು ಕೆಳಗಿನ ಮನೆಯವರು ಹೇಳಿದರು. ಫೋನು ಮಾಡಿ ಹನ್ನೊಂದು ಗಂಟೆಯ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ. ಹತ್ತೂ ಐವತ್ತಕ್ಕೇ ಹೋಗಿ ಕೂತೆ. ಹನ್ನೊಂದಕ್ಕೆ ಸರಿಯಾಗಿ ಇನ್ನೊಬ್ಬ ಬಂದ. ದಪ್ಪ ಸರ, ಎರಡು ಫೋನು, ಬಿಲ್ಡರನ ಗತ್ತು. ಅವನಿಗೂ ಹನ್ನೊಂದೇ. "ಡಾಕ್ಟರೇ ನನಗೆ ಫೋನಿನಲ್ಲಿ ಬಾ ಅಂದಿದ್ದಾರೆ" ಎಂದ. ಒಳಗೆ ಮತ್ತೊಬ್ಬ ಮೊದಲೇ ಬಾಯಿ ತೆರೆದು ಮಲಗಿದ್ದ.

ನಾನು ತೋಳು ಮಡಚಿಕೊಂಡೆ. ಈ ಊರಿನಲ್ಲಿ ಮುಂದೆ ಏನಾಗುತ್ತದೆ ಎಂದು ನನಗೆ ಗೊತ್ತು. ಯಾರಾದರೂ "ಪಾಂಚ್ ಮಿನಿಟ್" ಅನ್ನುತ್ತಾರೆ. ಮುಂಬಯಿಯಲ್ಲಿ ಐದು ನಿಮಿಷ ಎಂದರೆ ಕಾಲದ ಅಳತೆಯಲ್ಲ, ಅದು ಬಾಯಿ ಮುಚ್ಚಿಸುವ ಮಂತ್ರ. ದರ್ಜಿಯೂ ಅದನ್ನೇ ಅನ್ನುತ್ತಾನೆ, ಗ್ಯಾಸಿನವನೂ ಅದನ್ನೇ. ನಾನೇ ಮೂವತ್ತನಾಲ್ಕು ವರ್ಷ ಅದನ್ನು ಜಪಿಸಿದ್ದೇನೆ. "ದೇವರು ವರ ಕೊಟ್ಟರೂ ಪೂಜಾರಿ ಕೊಡ" ಎಂದು ಮೇಜಿನ ಹಿಂದಿನ ಹೆಂಗಸಿಗೆ ಕೇಳಿಸುವಂತೆ ಕನ್ನಡದಲ್ಲೇ ಗೊಣಗಿದೆ. ಅವಳಿಗೆಲ್ಲಿ ತಿಳಿಯಬೇಕು ಎಂಬ ಧೈರ್ಯ.

ಆ ಹೆಂಗಸು ಎದ್ದು ನಿಂತಳು. ಐವತ್ತರ ಆಸುಪಾಸು, ಇಳಕಲ್ ಸೀರೆ, ಕುತ್ತಿಗೆಗೆ ದವಾಖಾನೆಯ ಬಿಲ್ಲೆ.

"ಪೂಜಾರಿ ಕೊಡ್ತಾಳ್ರಿ ಅಣ್ಣಾರ, ಸ್ವಲ್ಪ ಕೇಳ್ರಿ" ಎಂದಳು. ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. "ಇಬ್ಬರಿಗೂ ಹನ್ನೊಂದು ಅಂತ ಹೇಳಿದ್ದು ನಮ್ಮ ತಪ್ಪು. ಒಳಗ ಇದ್ದವರದು ಇನ್ನ ಇಪ್ಪತ್ತು ನಿಮಿಷ ಐತಿ. ಇವರದು ಬರೇ ಹೊಲಿಗಿ ಬಿಚ್ಚೂದು, ಏಳು ನಿಮಿಷದ ಕೆಲಸ. ನಿಮ್ಮದು ಮೊದಲನೇ ಸಲ, ಎಕ್ಸ್‌ರೇ ಇಲ್ಲದ ಡಾಕ್ಟರು ಮುಟ್ಟೂದಿಲ್ಲ. ನೀವು ಎರಡನೇ ಕುರ್ಚಿಗೆ ಬರ್ರಿ. ಡಾಕ್ಟರು ಒಂದು ನಜರ ಹಾಕಿ ಹೇಳಿ ಹೋಗ್ತಾರ, ನಮ್ಮ ಹುಡುಗಿ ವೈಶಾಲಿ ಎಕ್ಸ್‌ರೇ ತೆಗೀತಾಳ. ಅಷ್ಟರಾಗ ಇವರ ಹೊಲಿಗಿ ಮುಗೀತೈತಿ. ಹನ್ನೊಂದು ನಲವತ್ತಕ್ಕ ಡಾಕ್ಟರು ನಿಮ್ಮ ಬಾಯಾಗ ಇರ್ತಾರ. ಬ್ಯಾಡ ಅಂದ್ರ ನಾಳೆ ಹತ್ತಕ್ಕ ಮೊದಲನೇ ಪಾಳಿ ಕೊಡ್ತೀನಿ. ಯಾವುದು ಬೇಕ್ರಿ?"

ಇದೇ ಮಾತನ್ನು ಬಿಲ್ಡರನಿಗೆ ಹಿಂದಿಯಲ್ಲಿ ಹೇಳಿದಳು. ಯಾರು ಮೊದಲು ಬರೆಸಿದ್ದು, ಯಾರು ದೊಡ್ಡವರು ಎಂಬ ಪ್ರಶ್ನೆಯನ್ನೇ ಎತ್ತಲಿಲ್ಲ. ಎತ್ತಿದ್ದರೆ ಅಲ್ಲೇ ಮಹಾಭಾರತ. ಬಿಲ್ಡರ ಕೂತ. ನಾನು ಎರಡನೇ ಕುರ್ಚಿಗೆ ಹೋದೆ. ಡಾಕ್ಟರು ನನ್ನ ಬಾಯಿಗೆ ಕೈಹಾಕಿದಾಗ ಗಡಿಯಾರ ನೋಡಿದೆ: ಹನ್ನೊಂದು ಮೂವತ್ತಾರು. ನಲವತ್ತು ಅಂದವಳು ನಾಲ್ಕು ನಿಮಿಷ ಮೊದಲೇ ಕೊಟ್ಟಿದ್ದಳು. ಜಗಳವಾಡಲು ಸಜ್ಜಾಗಿ ಹೋದವನಿಗೆ ಜಗಳ ಸಿಗದಿದ್ದರೆ ಎಷ್ಟು ಮೋಸವಾದಂತೆ ಅನಿಸುತ್ತದೆ, ಏನು ಹೇಳಲಿ!

ಅವಳೇ ಕಾಶವ್ವ. ದವಾಖಾನೆಗೆಲ್ಲ 'ಕಾಶೀತಾಯಿ'. ಸಿಂದಗಿ ಕಡೆಯವಳು. ಮದುವೆಯಾಗಿ ಬಂದವಳು ಅಸಲ್ಫಾದ ಗುಡ್ಡದ ಮೇಲಿನ ಚಾಳಿನಲ್ಲಿ ಸಂಸಾರ ಹೂಡಿ, ಇಪ್ಪತ್ತೆರಡು ವರ್ಷದ ಹಿಂದೆ ಈ ದವಾಖಾನೆಗೆ ಕಸ ಗುಡಿಸಲು ಸೇರಿದ್ದಳು. ಏಳನೇ ಇಯತ್ತೆಯವರೆಗೆ ಓದು. ಫೋನಿನ ಹತ್ತಿರ ಕೂರುತ್ತಿದ್ದ ಹುಡುಗಿ ಒಂದು ಮಳೆಗಾಲದಲ್ಲಿ, ಕಾದವರ ಬೈಗುಳ ತಾಳಲಾರದೆ, ಮಧ್ಯಾಹ್ನ ಊಟಕ್ಕೆ ಹೋದವಳು ತಿರುಗಿ ಬರಲೇ ಇಲ್ಲ. ಸಂಜೆ ಐದಕ್ಕೆ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಪೊರಕೆ ಕೆಳಗಿಟ್ಟು ಕಾಶವ್ವ ಎತ್ತಿದಳು. ಅಂದಿನಿಂದ ಇಟ್ಟಿಲ್ಲ.

ಅವಳ ನಿಜವಾದ ರೋಗಿ ಯಾರೆಂದರೆ ಪ್ರೀತಮ್ ಡಾಕ್ಟರು. ಅವರಿಗೆ ಒಂದು ವಾಸಿಯಾಗದ ಕಾಯಿಲೆ: ಇಲ್ಲ ಅನ್ನಲು ಬರುವುದಿಲ್ಲ. ಜಿಮ್ಮಿನಲ್ಲಿ, ಲಿಫ್ಟಿನಲ್ಲಿ, ಮದುವೆಯ ಊಟದ ಸಾಲಿನಲ್ಲಿ ಯಾರು ಕೆನ್ನೆ ಹಿಡಿದರೂ "ಆ ಜಾವೋ, ಪಾಂಚ್ ಮಿನಿಟ್ ಕಾ ಕಾಮ್ ಹೈ" ಅಂದು ಬರಹೇಳಿಬಿಡುತ್ತಾರೆ. ಬರೆದಿಡುವುದಿಲ್ಲ, ಕಾಶವ್ವನಿಗೆ ಹೇಳುವುದೂ ಇಲ್ಲ. ಹೀಗೆ ಒಂದೇ ಗಂಟೆಗೆ ಇಬ್ಬರು, ಒಮ್ಮೊಮ್ಮೆ ಮೂವರು. ಅದರ ಮೇಲೆ ಒಳಗಿನ ಕೆಲಸ ಉದ್ದವಾಗುತ್ತದೆ. ಹಲ್ಲಿನ ಬೇರು ಡೊಂಕಿರುತ್ತದೆ, ಸೂಜಿ ಚುಚ್ಚಿದರೂ ಮರಗಟ್ಟುವುದಿಲ್ಲ, ಸಣ್ಣ ಮಕ್ಕಳು ಬಾಯಿಯನ್ನೇ ತೆರೆಯುವುದಿಲ್ಲ. ಡಾಕ್ಟರು ಒಳ್ಳೆಯವರು. ಒಳ್ಳೆಯವರು ಮಾಡಿಡುವ ಅವಾಂತರವನ್ನು ಬಳಿಯಲು ಯಾವಾಗಲೂ ಇನ್ನೊಬ್ಬರು ಬೇಕಾಗುತ್ತಾರೆ.

ನನ್ನದು ರೂಟ್ ಕೆನಾಲ್, ಮೂರು ಸಲ ಹೋಗಬೇಕು. ಆಮೇಲೆ ಕ್ಯಾಪು, ಆಮೇಲೆ ಪಕ್ಕದ ಹಲ್ಲು. ಹೀಗೆ ನಾಲ್ಕು ತಿಂಗಳು ಕಾಯುವ ಕೋಣೆಯ ಹಸಿರು ಕುರ್ಚಿಯ ಮೇಲೆ ಕೂತು ಕಾಶವ್ವನನ್ನು ನೋಡಿದೆ. ನೋಡುವುದಕ್ಕೆ ನನಗೆ ಪುರಸೊತ್ತು ಇತ್ತಲ್ಲ.

ತಡವಾಗುತ್ತದೆ ಎಂದು ಗೊತ್ತಾದ ಕೂಡಲೇ, ಯಾರೂ ಕೇಳುವ ಮೊದಲೇ, ಅವಳೇ ಹೇಳಿಬಿಡುತ್ತಾಳೆ. ಮನೆ ಬಿಡದವರಿಗೆ ಫೋನು: "ಈಗ ಹೊರಡಬ್ಯಾಡ್ರಿ, ನಲವತ್ತು ನಿಮಿಷ ತಡ ಐತಿ, ನಾ ಫೋನ್ ಮಾಡಿದ ಮ್ಯಾಲೆ ಬರ್ರಿ." ಬಂದು ಕೂತವರಿಗೆ: "ಅರ್ಧ ತಾಸು ಆಗ್ತೈತಿ. ಕಾಯಿಪಲ್ಲೆ ತಗೊಂಡು ಬರೂದಿದ್ರ ಬರ್ರಿ, ನಿಮ್ಮ ಪಾಳಿ ಎಲ್ಲಿಗೂ ಹೋಗೂದಿಲ್ಲ." ಹೇಳುವುದು ಅರ್ಧ ತಾಸು, ಕರೆಯುವುದು ಇಪ್ಪತ್ತೈದಕ್ಕೆ. ಮುಖ ಬಾತವರು ಬಂದರೆ ಗುಟ್ಟಾಗಿ ಒಳಗೆ ತಳ್ಳುವುದಿಲ್ಲ. ಎಲ್ಲರ ಎದುರು ನಿಂತು, "ಇವರಿಗೆ ಬಾವು ಬಂದೈತಿ, ಮೊದಲ ಕಳಸಲೇನ್ರಿ?" ಎಂದು ಕೇಳುತ್ತಾಳೆ. ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಕೇಳದೆ ಕಳಿಸಿ ನೋಡಿ, ಕುರ್ಚಿ ಹಾರುತ್ತವೆ. ಸಕ್ಕರೆ ಕಾಯಿಲೆಯವರನ್ನು ಊಟದ ಹೊತ್ತಿಗೆ ಎಂದೂ ಕರೆಯುವುದಿಲ್ಲ. ಒಬ್ಬರಿಗೆ ಸೂಜಿ ಚುಚ್ಚಿ ಮರಗಟ್ಟುವ ಹೊತ್ತಿನಲ್ಲಿ ಎರಡನೇ ಕುರ್ಚಿಯಲ್ಲಿ ಇನ್ನೊಬ್ಬರ ತಪಾಸಣೆ. ಇಂಥ ಜೋಡಿ ಬುಕಿಂಗು ಬೇರೆ, ಡಾಕ್ಟರು ಲಿಫ್ಟಿನಲ್ಲಿ ಮಾಡುವ ಜೋಡಿ ಬುಕಿಂಗು ಬೇರೆ. ಒಳಗೆ ಹೋಗಿ "ಜನ ಕೂಗಾಡಾಕತ್ತಾರ" ಎಂದು ಒಮ್ಮೆಯೂ ಹೇಳಿದ್ದಿಲ್ಲ. ಸಣ್ಣ ಚೀಟಿ ಕಳಿಸುತ್ತಾಳೆ: ಎಷ್ಟು ಜನ, ಎಷ್ಟು ತಡ. ಅಷ್ಟೇ.

"ಕೂಗಾಡಿದ್ದು ಒಳಗ ಹೋದ್ರ ಡಾಕ್ಟರ ಕೈ ನಡುಗತೈತ್ರಿ ಅಣ್ಣಾರ. ಆ ಕೈಯಾಗ ಏನಿರ್ತೈತಿ ಗೊತ್ತಲ್ಲ?" ಎಂದಳು ಒಂದು ದಿನ. ನಾನು ನನ್ನ ದವಡೆ ಮುಟ್ಟಿಕೊಂಡೆ.

ಅವಳ ಕೈಯಲ್ಲೊಂದು ಉದ್ದನೆಯ ರಿಜಿಸ್ಟರು. ಕಾರಕೂನನಿಗೆ ಎದುರಿನವನ ಕಾಗದವನ್ನು ತಲೆಕೆಳಗಾಗಿ ಓದುವ ವಿದ್ಯೆ ಇರುತ್ತದೆ, ಅದು ನಿವೃತ್ತಿಯ ನಂತರವೂ ಹೋಗುವುದಿಲ್ಲ. ಓದಿದೆ. ಪ್ರತಿ ಹೆಸರಿನ ಮುಂದೆ ಡಾಕ್ಟರು ಹೇಳಿದ ಹೊತ್ತು ಮತ್ತು ನಿಜವಾಗಿ ಹಿಡಿದ ಹೊತ್ತು, ಎರಡೂ ಬರೆದಿದ್ದವು. ಅರ್ಧ ತಾಸು ಅಂದಿದ್ದು ನಲವತ್ತೈದು. ತಾಸು ಅಂದಿದ್ದು ಎಪ್ಪತ್ತೈದು ನಿಮಿಷ. ನನ್ನ ಹೆಸರಿನ ಮುಂದೆ, 'ನೀಲಕಂಠಪ್ಪ: ಮಾತಿಗೆ ಹದಿನೈದು ನಿಮಿಷ ಹೆಚ್ಚು.' ನನಗೆ ಮೈಯೆಲ್ಲ ಉರಿಯಿತು. ಬಾಯಿಯಲ್ಲಿ ಹತ್ತಿ ತುಂಬಿಕೊಂಡು ಮಲಗಿದವನು ಎಷ್ಟು ಮಾತಾಡಿಯಾನು?

ಆ ಉರಿಯಲ್ಲೇ ಇನ್ನೊಂದು ಕಣ್ಣಿಗೆ ಬಿತ್ತು. ಹನ್ನೊಂದೂವರೆ: ಶೆಟ್ಟೆಪ್ಪ. ಸಂಜೆ ಆರೂ ಮುಕ್ಕಾಲು: ಶೆಟ್ಟೆಪ್ಪ. ಮುಂದಿನ ವಾರ ಹೋದಾಗಲೂ ಅದೇ, ಅದರ ಮುಂದಿನ ವಾರವೂ ಅದೇ. ದಿನಕ್ಕೆ ಎರಡು ಸಲ ಹಲ್ಲು ತೋರಿಸುವ ಈ ಮಹಾಶಯ ಯಾರು? ಬಾಯಲ್ಲಿ ಮೊಸಳೆಯಷ್ಟು ಹಲ್ಲಿವೆಯೇ? ಒಂದು ದಿನವೂ ನಾನು ಅವನನ್ನು ಕಂಡಿಲ್ಲ. ನನಗೆ ವಾರಕ್ಕೊಮ್ಮೆ ಕೊಡಲೂ ಲೆಕ್ಕ ಹಾಕುವವಳು ಅವನಿಗೆ ದಿನಾ ಎರಡು ಬರೆದಿದ್ದಾಳೆ!

"ಈ ಶೆಟ್ಟೆಪ್ಪ ಯಾರ್ರಿ?" ಎಂದು ಕೇಳಿಯೇ ಬಿಟ್ಟೆ.

ಕಾಶವ್ವ ರಿಜಿಸ್ಟರು ಮುಚ್ಚಿದಳು. "ಅವರು ಬರೂದಿಲ್ರಿ."

"ಬರದವರಿಗೆ ಯಾಕ ಪಾಳಿ?"

"ಬರೂದಿಲ್ಲ ಅಂತನ ಇಟ್ಟೀನ್ರಿ" ಎಂದು ಫೋನು ಎತ್ತಿಕೊಂಡಳು.

ಇದು ಉತ್ತರವೇ? ನನಗೆ ಅಲ್ಲಿ ಏನೋ ಒಳಗುಟ್ಟು ಕಂಡಿತು. ತನ್ನ ಊರ ಮಂದಿಗೆ ಪಾಳಿ ಮುಚ್ಚಿಡುತ್ತಾಳೆ, ನನ್ನಂಥ ಧಾರವಾಡದವನಿಗೆ ಕೊಡುವುದಿಲ್ಲ ಎಂದು ಮನಸ್ಸು ಕುದಿಯಿತು.

ಆ ಹೊತ್ತಿಗೇ ಅನಿಕೇತ್ ಬಂದ. ಡಾಕ್ಟರ ಹೆಂಡತಿಯ ತಮ್ಮ. ಎಂಬಿಎ. ಗಡ್ಡವನ್ನು ಸ್ಕೇಲಿಟ್ಟು ಕತ್ತರಿಸಿದ ಹಾಗೆ ಇತ್ತು. ದವಾಖಾನೆಗೆ ಒಂದು ಆ್ಯಪ್ ತಂದ, ಗೋಡೆಗೆ ಒಂದು ಟ್ಯಾಬು ಹೊಡೆಸಿದ. ರೋಗಿಗಳು ಇನ್ನು ರೋಗಿಗಳಲ್ಲ, 'ಗೆಸ್ಟು'. ಎಲ್ಲರಿಗೂ ಮೂವತ್ತು ನಿಮಿಷ, ಹಲ್ಲು ತಿಕ್ಕಿಸುವವನಿಗೂ ಮೂವತ್ತು, ಬುದ್ಧಿಹಲ್ಲು ಕೀಳಿಸುವವನಿಗೂ ಮೂವತ್ತು. ಸಮಾನತೆ ಎಂದರೆ ಇದು. ಕಾಯುವವರ ಮನಸ್ಸು ಹಗುರಾಗಲೆಂದು ನೀರು ಹರಿಯುವ ಸದ್ದಿನ ಸಂಗೀತ ಹಾಕಿಸಿದ. ಅರವತ್ತು ದಾಟಿದ ಗಂಡಸರಿಗೆ ಆ ಸದ್ದಿನಿಂದ ಆಗುವ ಪರಿಣಾಮ ಅವನಿಗೆ ತಿಳಿದಿರಲಿಲ್ಲ, ದವಾಖಾನೆಯಲ್ಲಿ ಇದ್ದದ್ದು ಒಂದೇ ಶೌಚಾಲಯ.

ಅನಿಕೇತ್ ನನ್ನ ಕೈಗೊಂದು ಫಾರ್ಮು ಕೊಟ್ಟ. 'ನಿಮ್ಮ ಅನುಭವ ತಿಳಿಸಿ.' ಕಾರಕೂನನ ಕೈಗೆ ಖಾಲಿ ಫಾರ್ಮು! ಹಿಂದೆಮುಂದೆ ನೋಡದೆ ಬರೆದೆ: 'ಶೆಟ್ಟೆಪ್ಪ ಎಂಬುವರಿಗೆ ದಿನವೂ ಎರಡು ಪಾಳಿ ಯಾವ ನಿಯಮದ ಪ್ರಕಾರ? ಅವರು ಬಾರದಿದ್ದರೂ ಸಾಮಾನ್ಯ ಜನರಿಗೆ ಕೊಡುವುದಿಲ್ಲವೇಕೆ?' ಕೆಳಗೆ ಸಹಿ, ತಾರೀಖು. ಅಂದು ರಾತ್ರಿ ಸುಖವಾಗಿ ನಿದ್ದೆ ಬಂತು. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಮುಂದಿನ ವಾರ ಹೋದಾಗ ಕಾಶವ್ವನ ಮುಖ ಇಳಿದಿತ್ತು. ಡಾಕ್ಟರ ಕೈಗೆ ಹತಾರ ಎತ್ತಿಕೊಡುವ ವೈಶಾಲಿ, ಎಕ್ಸ್‌ರೇ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಬಾಗಿಲು ಸರಿಸಿ ಮರಾಠಿಯಲ್ಲಿ ಎಲ್ಲ ಹೇಳಿದಳು. ಯಾರೋ ಕಂಪ್ಲೇಂಟ್ ಕೊಟ್ಟಿದ್ದಾರೆ. ಅನಿಕೇತ್ ರಿಜಿಸ್ಟರಿನ ಹೆಸರು, ಫೋನ್ ನಂಬರು ಎಲ್ಲ ಆ್ಯಪಿಗೆ ಹಾಕಿಸಿ ಎಣಿಸಿದ. ಒಂದು ವರ್ಷದಲ್ಲಿ ಶೆಟ್ಟೆಪ್ಪ ಆರುನೂರಕ್ಕೂ ಹೆಚ್ಚು ಸಲ ಬಾರದೆ ಹೋಗಿದ್ದ. ಆ ನಂಬರಿಗೆ ಹಗಲು ಫೋನು ಮಾಡಿದರೆ ಯಾರೂ ಎತ್ತಲಿಲ್ಲ, ಅಂಥ ಮನುಷ್ಯನೇ ಇಲ್ಲ, ಸುಳ್ಳು ಹೆಸರು ಎಂದು ತೀರ್ಮಾನಿಸಿದ. ಕಾಶೀತಾಯಿಗೆ ತಿಂಗಳ ಕೊನೆಯವರೆಗೆ ಗಡುವು. ಅವಳ ಜಾಗಕ್ಕೆ ಟ್ಯಾಬು ಸಾಕಂತೆ.

"ಸುಳ್ಳು ಹೆಸರು ಯಾಕೆ ಬರೆದಳು?" ಎಂದೆ.

"ಕಾಕಾ, ಆ ಜಾಗ ಖಾಲಿ ಬಿಟ್ಟರೆ ಡಾಕ್ಟರು ಅರ್ಧ ತಾಸಿನಲ್ಲಿ ಯಾರನ್ನಾದರೂ ತುಂಬಿಸಿಬಿಡುತ್ತಾರೆ. ಹೆಸರಿದ್ದರೆ ಮುಟ್ಟುವುದಿಲ್ಲ. ಬೆಳಗಿನದು ಉದ್ದವಾದರೆ ಹನ್ನೊಂದೂವರೆಗೆ ಸರಿಹೋಗುತ್ತದೆ. ನೋವು ಅಂತ ಓಡಿಬಂದವರು ಅಲ್ಲೇ ಕೂರುತ್ತಾರೆ. ಯಾರೂ ಇಲ್ಲದಿದ್ದರೆ ನಾನು ಹತಾರಗಳನ್ನು ಕುದಿಯಲು ಹಾಕಿ ಎರಡು ತುತ್ತು ತಿನ್ನುತ್ತೇನೆ. ಶೆಟ್ಟೆಪ್ಪ ಇದ್ದದ್ದಕ್ಕೆ ನಾನು ಈ ಕೆಲಸದಲ್ಲಿ ಆರು ವರ್ಷ ನಿಂತೆ" ಎಂದಳು ವೈಶಾಲಿ.

ನನ್ನ ಕಂಪ್ಲೇಂಟಿನ ಸಹಿ ನನ್ನ ಕಣ್ಣ ಮುಂದೆ ಕುಣಿಯಿತು. ಅಯ್ಯೋ ನೀಲಕಂಠಪ್ಪ, ಮೂವತ್ತನಾಲ್ಕು ವರ್ಷ ಎಷ್ಟು ಕಡತ ಹಾಳುಮಾಡಿದೆಯೋ, ಈಗ ಒಬ್ಬಳ ಅನ್ನಕ್ಕೂ ಕೈಹಾಕಿದೆಯಲ್ಲೋ! ಹೊರಗೆ ಬಂದಾಗ ಕಾಶವ್ವ ಎಂದಿನಂತೆ "ಮುಂದಿನ ಶನಿವಾರ ಹನ್ನೆರಡಕ್ಕ ಬರ್ರಿ ಅಣ್ಣಾರ" ಎಂದಳು. ಕಂಪ್ಲೇಂಟು ಯಾರದೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಆ ಶನಿವಾರ ತಿಂಗಳ ಕೊನೆಯ ಶನಿವಾರ. ಅನಿಕೇತನ ಆ್ಯಪು ಶೆಟ್ಟೆಪ್ಪನನ್ನು ಕಿತ್ತುಹಾಕಿ ಆ ಜಾಗವನ್ನೂ ತುಂಬಿತ್ತು. ಟ್ಯಾಬಿನಲ್ಲಿ ದಿನವೆಲ್ಲ ಹಸಿರು. "ನೂರಕ್ಕೆ ನೂರು!" ಎಂದು ಅವನು ಬೆಳಿಗ್ಗೆ ಫೋಟೋ ತೆಗೆದನಂತೆ. ಕಾಶವ್ವ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು, ಮೇಜಿನಲ್ಲಿ ಅನಿಕೇತ್. 'ಸಿಸ್ಟಮ್ಮಿನ ನಡುವೆ ಬಾಯಿ ಹಾಕಬೇಡಿ' ಎಂದು ಅವಳಿಗೆ ಅಪ್ಪಣೆ ಆಗಿತ್ತು.

ಹತ್ತು ಗಂಟೆಯ ಬುದ್ಧಿಹಲ್ಲು ಹನ್ನೊಂದಾದರೂ ಬರಲಿಲ್ಲ, ತುಂಡಾಗಿ ಒಳಗೇ ಕೂತಿತು. ಹತ್ತೂವರೆಯವರು, ಹನ್ನೊಂದರವರು, ಹನ್ನೊಂದೂವರೆಯವರು ಬಂದು ಕೂತರು. ಅದರ ಮೇಲೆ ಡಾಕ್ಟರು ಲಿಫ್ಟಿನಲ್ಲಿ ಕರೆದಿದ್ದ ಇಬ್ಬರು. ನಾನು ಹನ್ನೆರಡಕ್ಕೆ ಹೋದಾಗ ಜನ ಮೆಟ್ಟಿಲವರೆಗೆ ನಿಂತಿದ್ದರು. ಅನಿಕೇತ್ ಎಲ್ಲರಿಗೂ "ಪಾಂಚ್ ಮಿನಿಟ್" ಅನ್ನುತ್ತಿದ್ದ. ಎಂಬಿಎ ಆದರೂ ಕೊನೆಗೆ ಕಲಿತದ್ದು ಅದೇ ಮಂತ್ರ. ಗೋಡೆಯ ಟ್ಯಾಬು ಎರಡು ನಿಮಿಷಕ್ಕೊಮ್ಮೆ ಎಲ್ಲರ ಫೋನಿಗೂ 'ನಿಮ್ಮ ಸಮಯ ನಮಗೆ ಅಮೂಲ್ಯ' ಎಂದು ಸಂದೇಶ ಕಳಿಸುತ್ತಿತ್ತು. ಟಣ್, ಟಣ್, ಟಣ್. ನೀರಿನ ಸದ್ದು ಬೇರೆ. ಅನಿಕೇತ್ ಬಾಗಿಲು ತೆರೆದು ಒಳಗೆ, "ಜೀಜೂ, ಎಲ್ಲರೂ ಬೈಯುತ್ತಿದ್ದಾರೆ, ಬೇಗ!" ಎಂದು ಭಾವನಿಗೆ ಕೂಗಿದ. ಐದು ನಿಮಿಷದಲ್ಲಿ ಮತ್ತೆ ಕೂಗಿದ. ಮೂರನೇ ಸಲ ಕೂಗಿದಾಗ ವೈಶಾಲಿ ಗ್ಲೌಸು ಕಿತ್ತೆಸೆದು ಹೊರಬಂದಳು. ಬೆಳಗಿನಿಂದ ಒಂದು ಗುಟುಕು ನೀರೂ ಕುಡಿದಿಲ್ಲ, ಇನ್ನು ತನ್ನಿಂದಾಗದು ಎಂದು ಮೆಟ್ಟಿಲ ಮೇಲೆ ಕೂತು ಅತ್ತಳು.

ಆ ಗದ್ದಲದಲ್ಲೇ ಒಬ್ಬ ಮುದುಕ ಮೆಟ್ಟಿಲು ಹತ್ತಿ ಬಂದ. ವಾಚ್‌ಮನ್ನರ ನೀಲಿ ಅಂಗಿ, ಎಡಗೆನ್ನೆ ತೆಂಗಿನಕಾಯಿಯ ಹಾಗೆ ಬಾತಿತ್ತು, ಟವೆಲಿನಿಂದ ಕಟ್ಟಿದ್ದ. ಯಾರನ್ನೂ ನೂಕದೆ, ಯಾರನ್ನೂ ಕೇಳದೆ, ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತ. ಕಾಶವ್ವ ಸ್ಟೂಲಿನಿಂದ ಎದ್ದವಳು ಅಲ್ಲೇ ನಿಂತಳು. ಅವಳ ಕಣ್ಣು ತುಂಬಿದ್ದು ನನಗೆ ಕಂಡಿತು, ಕಾರಣ ತಿಳಿಯಲಿಲ್ಲ.

"ಟ್ಯಾಬಿನಲ್ಲಿ ನಂಬರ್ ಹಾಕಿ" ಎಂದ ಅನಿಕೇತ್.

ಮುದುಕನಿಗೆ ಟ್ಯಾಬು ತಿಳಿಯಲಿಲ್ಲ. ಮೊಬೈಲು ನಂಬರು ಹೇಳಿದ, ಅನಿಕೇತನೇ ಒತ್ತಿದ. ಟ್ಯಾಬು ಕೆಂಪಗಾಯಿತು. ಅನಿಕೇತ್ ಓದಿದ, ಮತ್ತೆ ಓದಿದ, ಆಮೇಲೆ ಗಟ್ಟಿಯಾಗಿ ಓದಿದ: "ಈ ಗೆಸ್ಟು ಬ್ಲಾಕ್ ಆಗಿದ್ದಾರೆ. ಆರುನೂರ ಹದಿನೆಂಟು ಸಲ ಗೈರುಹಾಜರು. ಹೆಸರು... ಶೆಟ್ಟೆಪ್ಪ?"

ನಾನು ಜನರ ನಡುವಿನಿಂದ ಕತ್ತು ಚಾಚಿದೆ.

"ಹೌದ್ರಿ, ನಾನ ಶೆಟ್ಟೆಪ್ಪ" ಎಂದ ಮುದುಕ, ಬಾತ ಬಾಯಲ್ಲೇ. "ಆದ್ರ ಸಾಹೇಬ್ರ, ನಾ ಇವತ್ತ ಮೊದಲನೇ ಸಲ ಬಂದೀನಿ."

ಗದ್ದಲಕ್ಕೆ ಡಾಕ್ಟರೇ ಹೊರಗೆ ಬಂದರು. ಮುಖಕ್ಕೆ ಮಾಸ್ಕು, ಅಂಗಿಯೆಲ್ಲ ಬೆವರು. "ಯಾರು ಈ ಶೆಟ್ಟೆಪ್ಪ?" ಎಂದು ಹಿಂದಿಯಲ್ಲಿ ಕೇಳಿದರು. ಎಲ್ಲರೂ ಕಾಶವ್ವನ ಕಡೆ ನೋಡಿದರು.

"ನಮ್ಮ ಮನೆಯವರು" ಎಂದಳು ಕಾಶವ್ವ, ಅವಳೂ ಹಿಂದಿಯಲ್ಲೇ, ತಲೆ ತಗ್ಗಿಸಿ. "ಎಂಟು ವರ್ಷದಿಂದ ಹಲ್ಲುನೋವು. ಅಂಧೇರಿಯ ಬಿಲ್ಡಿಂಗಿನಲ್ಲಿ ರಾತ್ರಿ ಪಾಳಿ. ಬನ್ನಿ ಅಂದರೆ ಮುಂದಿನ ವಾರ ಅಂತಾರೆ. ನಡುವೆ ಬಿಡುವು ಇಡಬೇಕಿತ್ತು, ಖಾಲಿ ಇಟ್ಟರೆ ನೀವು ತುಂಬುತ್ತಿದ್ದಿರಿ. ಯಾರದಾದರೂ ಹೆಸರು ಬರೆಯಬೇಕಲ್ಲ, ಇವರದೇ ಬರೆದೆ. ಒಂದು ದಿನ ಬಂದರೆ ಜಾಗ ಇರಲಿ ಅಂತ."

ಡಾಕ್ಟರು ಟ್ಯಾಬು ನೋಡಿದರು, ಮೆಟ್ಟಿಲ ಮೇಲೆ ಅಳುತ್ತಿದ್ದ ವೈಶಾಲಿಯನ್ನು ನೋಡಿದರು, ನಮ್ಮನ್ನೆಲ್ಲ ನೋಡಿದರು. ಶೆಟ್ಟೆಪ್ಪ ಬಂದ ದಿನವೇ ಅವನ ಜಾಗ ಇರಲಿಲ್ಲ.

ಈಗ ಸುಮ್ಮನಿದ್ದರೆ ನಾನು ಮನುಷ್ಯನೇ ಅಲ್ಲ ಅನಿಸಿತು. "ಡಾಕ್ಟರ್ ಸಾಬ್, ಕಂಪ್ಲೇಂಟು ಕೊಟ್ಟವನು ನಾನು. ತಪ್ಪು ನನ್ನದು. ನನ್ನ ಹನ್ನೆರಡರ ಪಾಳಿ ಇವರಿಗೆ ಕೊಡಿ" ಎಂದೆ. ಕಾಶವ್ವನ ಕಡೆ ತಿರುಗಿ, "ನನ್ನ ಬಾಯಿಗೆ ಬೆಂಕಿ ಹಾಕ, ತಂಗಿ" ಎಂದೆ.

"ಬಾಯಿಗಿ ಈಗ ಹಾಕಬ್ಯಾಡ್ರಿ ಅಣ್ಣಾರ, ಕ್ಯಾಪು ಇನ್ನ ಹಸಿ ಐತಿ" ಎಂದಳು. ಗೊತ್ತಿತ್ತು ಅವಳಿಗೆ. ಮೊದಲಿನಿಂದ ಗೊತ್ತಿತ್ತು.

"ನೀವು ಕೊಟ್ಟರೆ ಆಯಿತೇ? ನಾನು ಹತ್ತೂವರೆಯಿಂದ ಕೂತಿದ್ದೇನೆ!" ಎಂದು ಒಬ್ಬಾಕೆ ಎದ್ದಳು. ಅವಳ ಮಾತೂ ನ್ಯಾಯವೇ. ನನ್ನ ಮುಂದೆ ಆರು ಜನ ಇದ್ದರು. ಇಲ್ಲದ ಪಾಳಿಯನ್ನು ದಾನ ಮಾಡುವುದರಲ್ಲಿ ನನಗೆ ಏನು ಖರ್ಚು?

ಡಾಕ್ಟರು ಅನಿಕೇತನ ಕೈಯಿಂದ ಮೇಜಿನ ಬೀಗದಕೈ ತೆಗೆದು ಕಾಶವ್ವನ ಮುಂದೆ ಇಟ್ಟರು. "ಕಾಶೀತಾಯಿ, ಇವತ್ತೂ ನೀವೇ ನೋಡಿ, ಸೋಮವಾರವೂ ನೀವೇ. ನಾನು ಇನ್ನು ಲಿಫ್ಟಿನಲ್ಲಿ ಯಾರಿಗೂ ಬಾ ಅನ್ನುವುದಿಲ್ಲ" ಎಂದು ಕೈಮುಗಿದರು. ಕೊನೆಯ ಮಾತನ್ನು ಅವರು ಮೂರು ದಿನ ನಡೆಸಿದರು. ಮೊದಲಿನೆರಡನ್ನು ಇವತ್ತಿಗೂ ನಡೆಸುತ್ತಿದ್ದಾರೆ.

ಕಾಶವ್ವ ಮೊದಲು ನೀರಿನ ಸದ್ದು ಬಂದ್ ಮಾಡಿದಳು. ಆಮೇಲೆ ವೈಶಾಲಿಗೆ ಡಬ್ಬಿ ಕೊಟ್ಟು ಹತ್ತು ನಿಮಿಷ ಹಿಂದಿನ ಕೋಣೆಗೆ ಕಳಿಸಿದಳು. ಆಮೇಲೆ ಎಲ್ಲರ ನಡುವೆ ನಿಂತಳು.

"ಒಂದೂವರೆ ತಾಸು ತಡ ಆಗಿದೆ. ತಪ್ಪು ನಮ್ಮದು" ಎಂದಳು ಹಿಂದಿಯಲ್ಲಿ. ಒಬ್ಬೊಬ್ಬರನ್ನೇ ಕೇಳಿದಳು. ತಪಾಸಣೆಗೆ ಬಂದ ಇಬ್ಬರು ಸೋಮವಾರ ಬೆಳಗಿನ ಮೊದಲ ಪಾಳಿ ಸಿಗುತ್ತದೆಂದು ಹೋದರು. ಲಿಫ್ಟಿನವರಿಬ್ಬರಿಗೆ ಸಂಜೆ. ಒಬ್ಬರು ಊಟ ಮಾಡಿ ಬರುತ್ತೇನೆಂದರು, ಎರಡು ಗಂಟೆಗೆ ಫೋನು ಮಾಡುವ ಮಾತಾಯಿತು. ಹತ್ತೂವರೆಯ ಹೆಂಗಸಿಗೆ ಎರಡನೇ ಕುರ್ಚಿಯಲ್ಲಿ ಸೂಜಿ ಚುಚ್ಚಿ ಕೂರಿಸುವುದು, ಅದು ಮರಗಟ್ಟುವ ಹೊತ್ತಿನಲ್ಲಿ ಡಾಕ್ಟರು ಮೊದಲ ಕುರ್ಚಿಯ ಬುದ್ಧಿಹಲ್ಲಿನ ತುಂಡು ತೆಗೆದು ಹೊಲಿಗೆ ಹಾಕಿ ಮುಗಿಸುವುದು. ಕಾಲು ಗಂಟೆಯಲ್ಲಿ ಮೆಟ್ಟಿಲು ಖಾಲಿಯಾಯಿತು. ಅನಿಕೇತ್ ಗೋಡೆಯ ಟ್ಯಾಬಿನ ಪಕ್ಕ ಒರಗಿ ನೋಡುತ್ತಿದ್ದ.

ಉಳಿದವರು ಐದು ಜನ. ಕಾಶವ್ವ ಅವರ ಮುಂದೆ ನಿಂತಳು. ಎಷ್ಟೋ ಅಪರಿಚಿತರಿಗಾಗಿ ಕೇಳಿದ್ದ 'ಮೊದಲ ಕಳಸಲೇನ್ರಿ' ಎಂಬ ಮಾತು, ತನ್ನ ಗಂಡನಿಗಾಗಿ ಬಾಯಿಂದ ಹೊರಡಲಿಲ್ಲ. ಸೆರಗಿನ ತುದಿ ತಿರುವುತ್ತ ನಿಂತಳು.

ತೆರೆದ ಬಾಗಿಲಿನಿಂದ ಇದನ್ನು ಕಂಡ ಹತ್ತೂವರೆಯ ಹೆಂಗಸು ಒಳಗಿನ ಕುರ್ಚಿಯಿಂದಲೇ, ಅರ್ಧ ಮರಗಟ್ಟಿದ ತುಟಿಯಲ್ಲಿ, "ಕಳಿಸಿ ತಾಯಿ, ಅವರ ಮುಖ ನೋಡಿ! ನಾನು ಕಾಯುತ್ತೇನೆ" ಎಂದಳು. ಉಳಿದವರೂ ಗೋಣು ಹಾಕಿದರು.

ಮೊದಲ ಕುರ್ಚಿ ಖಾಲಿಯಾಯಿತು. ಒಳಗಿನಿಂದ ವೈಶಾಲಿ, "ತಾಯಿ, ಮುಂದಿನವರು ಯಾರು? ಹೆಸರು?" ಎಂದಳು. ಒಳಗೆ ಹೋಗುವವರ ಹೆಸರು ಗಟ್ಟಿಯಾಗಿ ಕರೆಯಬೇಕು, ಒಬ್ಬರ ಹಲ್ಲು ಇನ್ನೊಬ್ಬರಿಗೆ ಕೀಳಬಾರದಲ್ಲ. ಅದು ಕಾಶವ್ವನದೇ ನಿಯಮ. ಇಷ್ಟು ವರ್ಷದಲ್ಲಿ ಈ ಬಾಗಿಲಲ್ಲಿ ಎಷ್ಟು ಸಾವಿರ ಹೆಸರು ಕರೆದಿದ್ದಾಳೋ. ಈ ಹೆಸರನ್ನು ಬರೆದಿದ್ದಳೇ ಹೊರತು ಒಮ್ಮೆಯೂ ಬಾಯಿ ಬಿಟ್ಟು ಅಂದಿರಲಿಲ್ಲ. ಸಿಂದಗಿಯ ಕಡೆ ಹಳೇ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಅವಳು ನನ್ನ ಕಡೆ ನೋಡಿದಳು.

ಆ ಹೆಸರಿನ ಮೇಲೆ ಸಹಿ ಹಾಕಿ ದೂರು ಕೊಟ್ಟವನು ನಾನು. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಇಡೀ ಸೊಸೈಟಿಗೆ ಕೇಳುವಂತೆ ಕರೆದೆ:

"ಹನ್ನೊಂದೂವರೆಯ ಶೆಟ್ಟೆಪ್ಪನವರು ಬರ್ರಿ! ನಿಮ್ಮ ಪಾಳಿ ಬಂತು!"

ಮುದುಕ ಟವೆಲು ಬಿಚ್ಚುತ್ತ ಬಂದ. ಬಾಗಿಲಲ್ಲಿ ನಿಂತು ಹೆಂಡತಿಯ ಕಡೆ ತಿರುಗಿ, "ಏ, ಎಷ್ಟೊತ್ತು ಆಗ್ತೈತಿ? ಎಂಟಕ್ಕ ಡ್ಯೂಟಿ ಐತಿ" ಎಂದ.

"ಮೂವತ್ತು ನಿಮಿಷ ಆಗ್ತೈತ್ರಿ, ಹೋಗ್ರಿ" ಎಂದಳು ಕಾಶವ್ವ. ರಿಜಿಸ್ಟರು ತೆರೆದು, ಪೆನ್ನು ಹಿಡಿದು, ಗಡಿಯಾರ ನೋಡುತ್ತ ಕೂತಳು. ಇಪ್ಪತ್ತಾರು ನಿಮಿಷಕ್ಕೇ ಮುದುಕ ಹೊರಗೆ ಬಂದ.